ಮೀಟರ್ ಹೇಳದ 57 ಸಾವಿರ ಕಿಲೋಮೀಟರ್

ಕಾರು ಮಾರುವುದೆಂದು ತೀರ್ಮಾನವಾದ ದಿನ ನಾನು ಮೊದಲು ಮಾಡಿದ ಕೆಲಸ ಮೀಟರಿನ ಫೋಟೊ ತೆಗೆದದ್ದು. 71,026 ಕಿಲೋಮೀಟರ್. 2016ರ ಏಪ್ರಿಲ್‌ನಲ್ಲಿ ನೋಂದಣಿಯಾದ ವ್ಯಾಗನ್ ಆರ್, ವಿಎಕ್ಸ್‌ಐ, ಪೆಟ್ರೋಲ್. ಒಂಬತ್ತೂವರೆ ವರ್ಷಕ್ಕೆ 71 ಸಾವಿರ ಎಂದರೆ ವರ್ಷಕ್ಕೆ ಏಳೂವರೆ ಸಾವಿರವೂ ಇಲ್ಲ. ಹಳೆ ಕಾರು ಕೊಳ್ಳುವವರು ಕೇಳಿದ ತಕ್ಷಣ ಕಿವಿ ನಿಮಿರಿಸುವ ಲೆಕ್ಕ ಇದು.

ಆದರೆ ಆ ಲೆಕ್ಕ ಸುಳ್ಳು. ಅದು ನನಗೂ ಗೊತ್ತಿತ್ತು, ನನ್ನ ಮನೆಯ ಕಬ್ಬಿಣದ ಟ್ರಂಕಿನಲ್ಲಿದ್ದ ಒಂದು ಸರ್ವಿಸ್ ಬಿಲ್ಲಿಗೂ ಗೊತ್ತಿತ್ತು. 2021ರ ಆಗಸ್ಟ್‌ನಲ್ಲಿ ಹಟ್ಟಿ ಪಕ್ಕದಲ್ಲಿ ನಿಲ್ಲಿಸಿದ್ದ ಕಾರಿನೊಳಗೆ ಇಲಿ ಹೊಕ್ಕು ವೈರುಗಳನ್ನು ಕಡಿದಿತ್ತು. ಶಾರ್ಟ್ ಆಗಿ ಮೀಟರ್ ಬೋರ್ಡ್ ಸುಟ್ಟುಹೋಯಿತು. ಹೊಸ ಬೋರ್ಡ್ ಹಾಕಿದಾಗ ಅದು ಸೊನ್ನೆಯಿಂದ ಓಡಲು ಶುರು ಮಾಡಿತು. ಬಿಲ್ಲಿನ ಮೂಲೆಯಲ್ಲಿ ಸರ್ವಿಸ್ ಸೆಂಟರಿನ ಹುಡುಗ ಪೆನ್ನಿನಲ್ಲಿ ಬರೆದಿದ್ದ: ಹಳೆ ರೀಡಿಂಗ್ 57,412. ಎರಡನ್ನೂ ಕೂಡಿಸಿದರೆ ನನ್ನ ಕಾರು ಓಡಿರುವುದು 1,28,438 ಕಿಲೋಮೀಟರ್.

ಕಾರು ಮಾರಬೇಕಾಗಿ ಬಂದದ್ದು ತಂಗಿಯ ನರ್ಸಿಂಗ್ ಕೊನೆಯ ವರ್ಷದ ಫೀಸಿಗೆ, ಜೊತೆಗೆ ಸೊಸೈಟಿಯಲ್ಲಿ ಉಳಿದಿದ್ದ ಸಾಲಕ್ಕೆ. ಎರಡೂ ಸೇರಿ 2 ಲಕ್ಷ 75 ಸಾವಿರ ಬೇಕಿತ್ತು. ಜಿಲ್ಲೆಯ ಸ್ಟ್ರಿಂಜರ್‌ಗೆ ಸುದ್ದಿಯೊಂದಕ್ಕೆ ಎಷ್ಟು ಸಿಗುತ್ತದೆಂದು ಈ ಬ್ಲಾಗ್ ಓದುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾರು ಬಿಟ್ಟರೆ ಮಾರುವಂಥದ್ದು ನನ್ನ ಬಳಿ ಕ್ಯಾಮೆರಾ ಒಂದೇ ಇತ್ತು.

ನಮ್ಮೂರಿನಲ್ಲಿ ಹಳೆ ಗಾಡಿಗಳ ವ್ಯವಹಾರ ಮಾಡಿಸುವ ಬ್ರೋಕರ್ ಒಬ್ಬರಿದ್ದಾರೆ. ಕಾರಿನ ಸುತ್ತ ಒಂದು ಸುತ್ತು ಬಂದು, ಬಾಗಿಲು ತೆಗೆದು ಮೀಟರ್ ನೋಡಿ, “ಎಪ್ಪತ್ತೊಂದು ಸಾವ್ರ. ಮೂರು ಮೂವತ್ತಕ್ಕೆ ಕಣ್ಮುಚ್ಚಿ ಹೋಗುತ್ತೆ ಸಾ, ನಂಗೆ ಐದು ಸಾವ್ರ ಕೊಡಿ ಸಾಕು” ಎಂದರು. ನಾನು ಮೀಟರ್ ಬದಲಾದ ಕಥೆ ಹೇಳಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, “ಅದನ್ನ ಯಾರು ಕೇಳ್ತಾರೆ ಈಗ? ನೀವೇನು ಮೀಟರ್ ತಿರುಗಿಸಿಲ್ವಲ್ಲ. ಇಲಿ ತಿರುಗಿಸ್ತು” ಎಂದು ನಕ್ಕರು.

ಆ ರಾತ್ರಿ ನಿದ್ದೆ ಬರಲಿಲ್ಲ. ಮೂರು ಮೂವತ್ತು ಸಿಕ್ಕರೆ ಫೀಸು, ಸಾಲ ಎರಡೂ ತೀರಿ ಕೈಯಲ್ಲಿ ಐವತ್ತು ಸಾವಿರ ಉಳಿಯುತ್ತಿತ್ತು. ಆದರೆ ನಾನು ಹತ್ತು ವರ್ಷದಿಂದ ಬರೆಯುತ್ತಿರುವುದು ಗ್ರಾಮ ಪಂಚಾಯಿತಿಯ ಸುಳ್ಳು ಬಿಲ್ಲುಗಳ ಬಗ್ಗೆ. ನಿಜವಾದ ಬೆಲೆ ಎಷ್ಟು ಎಂದು ಮೊದಲು ತಿಳಿಯೋಣ, ಸುಳ್ಳಿಗೆ ಎಷ್ಟು ಸಿಗುತ್ತದೆಂದು ಆಮೇಲೆ ನೋಡೋಣ ಎಂದುಕೊಂಡೆ. ಆ ಲೆಕ್ಕ ಹಾಕಲು ನನಗೆ ಮೂರು ವಾರ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮಲ್ಲಿ ಅನೇಕರ ಹತ್ತಿರ ಇಂಥದೇ ಒಂದು ಹಳೆ ಕಾರಿದೆ.

ಮೊದಲಿಗೆ ಎಲ್ಲರಂತೆ ನಾನೂ ವಿಮೆ ಪಾಲಿಸಿ ತೆಗೆದು ಐಡಿವಿ ನೋಡಿದೆ. 2 ಲಕ್ಷ 48 ಸಾವಿರ ಎಂದಿತ್ತು. ಇದು ಮಾರುಕಟ್ಟೆ ಬೆಲೆಯಲ್ಲ. ಹೊಸ ಕಾರಿಗೆ ಮೊದಲ ಐದು ವರ್ಷ ಇಷ್ಟು ಶೇಕಡಾ ಸವಕಳಿ ಎಂಬ ಪಟ್ಟಿ ಇದೆ. ನಾಲ್ಕರಿಂದ ಐದನೇ ವರ್ಷಕ್ಕೆ ಅದು ಅರ್ಧಕ್ಕೆ ಬಂದಿರುತ್ತದೆ. ಐದು ವರ್ಷ ದಾಟಿದ ಮೇಲೆ ವಿಮಾ ಕಂಪನಿ ಮತ್ತು ಮಾಲೀಕ ಒಪ್ಪಿಕೊಂಡ ಮೊತ್ತವೇ ಐಡಿವಿ. ಪ್ರೀಮಿಯಂ ಉಳಿಸಲು ನಾನೇ ಅದನ್ನು ಕಡಿಮೆ ಮಾಡಿಸಿದ್ದೆ. ಕೊಳ್ಳಲು ಬಂದವರು ಪಾಲಿಸಿ ತೋರಿಸಿ “ನಿಮ್ಮ ಕಂಪನಿಯೇ ಇಷ್ಟು ಹಾಕಿದೆ” ಎಂದರೆ, ಈ ಕಾರಣ ಹೇಳಲು ನಿಮಗೆ ಗೊತ್ತಿರಬೇಕು.

ಹಾಗಾದರೆ ಬೆಲೆ ಎಲ್ಲಿ ಸಿಗುತ್ತದೆ? ಅಂಥದೇ ಕಾರು ಹತ್ತಿರದ ಊರುಗಳಲ್ಲಿ ಈಗ ಎಷ್ಟಕ್ಕೆ ಮಾರಾಟವಾಗುತ್ತಿದೆ ಎಂಬುದರಲ್ಲಿ. ಎಷ್ಟು ಕೇಳುತ್ತಿದ್ದಾರೆ ಎಂಬುದರಲ್ಲಿ ಅಲ್ಲ. ಮಂಡ್ಯ, ಮೈಸೂರು, ರಾಮನಗರ, ಬೆಂಗಳೂರು ಸೇರಿಸಿ ಜಾಹೀರಾತು ಹಾಕಿದ್ದ 2015ರಿಂದ 2017ರ ವ್ಯಾಗನ್ ಆರ್‌ಗಳನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಹದಿನಾಲ್ಕು ಸಿಕ್ಕವು. ಅದರಲ್ಲಿ ಎಲ್‌ಎಕ್ಸ್‌ಐ ಮಾಡೆಲ್, ಗ್ಯಾಸ್ ಕಿಟ್ ಕೂರಿಸಿದ್ದು, ಆಟೋಮ್ಯಾಟಿಕ್ ಗೇರಿನದ್ದು, ಬೇರೆ ರಾಜ್ಯದ ನೋಂದಣಿಯದ್ದು, ಇವನ್ನೆಲ್ಲ ಹೊಡೆದುಹಾಕಿದೆ. ಉಳಿದವು ಒಂಬತ್ತು. ಅವರು ಕೇಳುತ್ತಿದ್ದ ಬೆಲೆ 2 ಲಕ್ಷ 95 ಸಾವಿರದಿಂದ 3 ಲಕ್ಷ 85 ಸಾವಿರದವರೆಗೆ ಇತ್ತು. ಇಷ್ಟು ಅಗಲದ ಅಂತರದಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಹಾಗಾಗಿ ಕಾದೆ. ಮೂರು ವಾರದಲ್ಲಿ ಐದು ಜಾಹೀರಾತು ಮಾಯವಾದವು. ಮೊದಲೇ ಬರೆದಿಟ್ಟುಕೊಂಡಿದ್ದ ನಂಬರಿಗೆ ಫೋನ್ ಮಾಡಿ, “ಸಾರ್, ನನ್ನ ಹತ್ತಿರವೂ ಇಂಥದೇ ಕಾರಿದೆ, ಬೆಲೆ ತಿಳಿಯದೆ ಒದ್ದಾಡ್ತಿದ್ದೇನೆ, ನಿಮ್ಮದು ಎಷ್ಟಕ್ಕೆ ಹೋಯ್ತು?” ಎಂದು ಕೇಳಿದೆ. ಕೇಳಿ ಉತ್ತರ ಪಡೆಯುವುದು ನಮ್ಮ ಕಸುಬೇ ಅಲ್ಲವೇ. ಒಬ್ಬರು ಫೋನ್ ಇಟ್ಟರು. ನಾಲ್ವರು ಹೇಳಿದರು. 3.45 ಕೇಳಿದ್ದು 3.20ಕ್ಕೆ ಹೋಗಿತ್ತು. 3.60 ಕೇಳಿದ್ದು 3.30ಕ್ಕೆ. ಇವೆರಡೂ 80 ಸಾವಿರ ಕಿಲೋಮೀಟರ್ ಒಳಗೆ ಓಡಿದವು. ಉಳಿದ ಎರಡರಲ್ಲಿ 1.18 ಲಕ್ಷ ಓಡಿದ ಕಾರು 3.15 ಕೇಳಿ 2.90ಕ್ಕೆ, 1.35 ಲಕ್ಷ ಓಡಿದ್ದು 3.05 ಕೇಳಿ 2.85ಕ್ಕೆ ಹೋಗಿದ್ದವು.

ನಾಲ್ಕು ಕಾರಿನಿಂದ ಶಾಸನ ಬರೆಯಲಾಗುವುದಿಲ್ಲ. ಆದರೂ ಎರಡು ವಿಷಯ ತಿಳಿಯಿತು. ಕೇಳಿದ್ದಕ್ಕಿಂತ 20ರಿಂದ 30 ಸಾವಿರ ಕಡಿಮೆಗೆ ವ್ಯಾಪಾರ ಮುಗಿಯುತ್ತದೆ. ಮತ್ತು ಒಂದು ಲಕ್ಷ ಕಿಲೋಮೀಟರಿನ ಗೆರೆ ದಾಟಿದ ಕಾರಿಗೂ ದಾಟದ ಕಾರಿಗೂ ಸುಮಾರು 37 ಸಾವಿರ ರೂಪಾಯಿ ವ್ಯತ್ಯಾಸ ಇದೆ. ಇಲಿ ನನಗೆ ಕೊಡಲು ಬಂದಿದ್ದ ಉಡುಗೊರೆ ಹೆಚ್ಚುಕಡಿಮೆ ಅಷ್ಟೇ.

ಇಲ್ಲೊಂದು ಎಚ್ಚರಿಕೆ. ನನ್ನ ಸಹಪಾಠಿಯೊಬ್ಬ ಇದೇ ಮಾಡೆಲನ್ನು ಕಳೆದ ಜುಲೈನಲ್ಲಿ 3.55ಕ್ಕೆ ಮಾರಿದ್ದ. ಅದನ್ನೇ ಹಿಡಿದು ಕೂತಿದ್ದರೆ ನಾನು ಕೆಡುತ್ತಿದ್ದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಹೊಸ ಕಾರೇ ಅಗ್ಗವಾದಾಗ ಹಳೆಯದು ಮೊದಲಿನ ಬೆಲೆಗೆ ನಿಲ್ಲುವುದಿಲ್ಲ. ನನಗೆ ಫೋನ್ ಮಾಡಿದವರಲ್ಲಿ ಅರ್ಧದಷ್ಟು ಜನ “ಇನ್ನೊಂದಿಷ್ಟು ಹಾಕಿದ್ರೆ ಹೊಸದೇ ಬರುತ್ತಲ್ಲ ಸಾರ್” ಎಂದೇ ಮಾತು ಶುರು ಮಾಡಿದರು. ಆದ್ದರಿಂದ ಆ ದಿನಾಂಕದ ಈಚೆಗಿನ ಮಾರಾಟಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ.

ಈಗ ಕಿಲೋಮೀಟರಿನ ವಿಷಯ. ಅನೇಕರು ಮಾಡುವ ತಪ್ಪೆಂದರೆ, ಕಡಿಮೆ ಓಡಿದ ಕಾರಿನ ಬೆಲೆ ಹಿಡಿದು ಕಿಲೋಮೀಟರಿಗೆ ಇಷ್ಟು ಪೈಸೆ ಎಂದು ಕಳೆಯುತ್ತ ಹೋಗುವುದು. ಬೆಲೆ ಹಾಗೆ ಸಮನಾಗಿ ಇಳಿಯುವುದಿಲ್ಲ. ಒಂದು ಲಕ್ಷದ ಹತ್ತಿರ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ಅದಕ್ಕೆ ಅರ್ಧ ಕಾರಣ ಭಯ, ಇನ್ನರ್ಧ ಕಾರಣ ಆ ಹೊತ್ತಿಗೆ ಕ್ಲಚ್, ಶಾಕ್ ಅಬ್ಸಾರ್ಬರ್, ಬುಷ್‌ಗಳು ಒಂದೊಂದಾಗಿ ಖರ್ಚಿಗೆ ಬರುವುದು. ಆದ್ದರಿಂದ ನಿಮ್ಮ ಕಾರಿನಷ್ಟೇ ಓಡಿದ ಕಾರು ಎಷ್ಟಕ್ಕೆ ಹೋಯಿತೆಂದು ಗೊತ್ತಿದ್ದರೆ ಅಲ್ಲಿಂದಲೇ ಶುರು ಮಾಡಬೇಕು. ನಾನು 2.90 ಮತ್ತು 2.85ರ ನಡುವೆ 2 ಲಕ್ಷ 87 ಸಾವಿರವನ್ನು ಬುಡವಾಗಿ ಹಿಡಿದೆ. ಕಿಲೋಮೀಟರಿಗಾಗಿ ಇನ್ನು ಒಂದು ರೂಪಾಯಿಯನ್ನೂ ಕಳೆಯುವಂತಿಲ್ಲ, ಅದು ಆಗಲೇ ಕಳೆದಾಗಿದೆ.

ಮಾಲೀಕರ ಸಂಖ್ಯೆಗೂ ಇದೇ ಮಾತು. ನಾನು ಎರಡನೇ ಮಾಲೀಕ. 2019ರಲ್ಲಿ 38 ಸಾವಿರ ಓಡಿದ್ದಾಗ ಮದ್ದೂರಿನ ಬ್ಯಾಂಕ್ ನೌಕರರೊಬ್ಬರಿಂದ ಕೊಂಡಿದ್ದೆ. ಆರ್‌ಸಿಯಲ್ಲಿ ಓನರ್ ಸೀರಿಯಲ್ ನಂಬರ್ ಎಂದು ಒಂದು ಅಂಕೆ ಇರುತ್ತದೆ, ನನ್ನದರಲ್ಲಿ 2. ಕೊಳ್ಳುವವರು ನಾಳೆ ಮಾರುವಾಗ ಮೂರನೇ ಮಾಲೀಕರಾಗಿರುತ್ತಾರೆ, ಅವರ ಚೌಕಾಸಿಗೆ ಕಾರಣ ಅದೇ. ಆದರೆ ನನ್ನ ಬುಡದ ಬೆಲೆಯ ಎರಡು ಕಾರುಗಳಲ್ಲಿ 2.90ಕ್ಕೆ ಹೋದದ್ದೂ ಎರಡನೇ ಮಾಲೀಕರದ್ದೇ. ಇನ್ನೊಂದು ಒಬ್ಬರೇ ಮಾಲೀಕರದ್ದಾದರೂ ಹೆಚ್ಚು ಓಡಿತ್ತು. ಹಾಗಾಗಿ ಇಲ್ಲಿಯೂ ನಾನು ಏನನ್ನೂ ಕಳೆಯಲಿಲ್ಲ. ಒಂದು ಮಾತು ನೆನಪಿರಲಿ: ತಂದೆ ತೀರಿಕೊಂಡು ಮಗನ ಹೆಸರಿಗೆ ಆರ್‌ಸಿ ಬದಲಾದರೂ ಆ ಅಂಕೆ ಒಂದು ಏರುತ್ತದೆ. ಕಾರು ಮನೆಯ ಅಂಗಳ ಬಿಟ್ಟಿಲ್ಲವಾದರೂ ಅದು ಸೆಕೆಂಡ್ ಓನರ್ ಎಂದೇ ಕಾಣುತ್ತದೆ. ಅಂಥ ಕಾರು ಮಾರುವವರು ಜಾಹೀರಾತಿನಲ್ಲಿ ಸಿಂಗಲ್ ಓನರ್ ಎಂದು ಬರೆದು ಆಮೇಲೆ ಪೇಚಿಗೆ ಸಿಗುವ ಬದಲು, ತಂದೆಯಿಂದ ಮಗನಿಗೆ ಬಂದದ್ದು ಎಂದು ಬರೆದರೆ ಹೆಚ್ಚು ಕಳೆದುಕೊಳ್ಳುವುದಿಲ್ಲ.

ಸರ್ವಿಸ್ ದಾಖಲೆಯಲ್ಲಿ ನನ್ನ ಅದೃಷ್ಟ ಚೆನ್ನಾಗಿತ್ತು. ಟ್ರಂಕಿನಲ್ಲಿ ಹನ್ನೊಂದು ಬಿಲ್ಲುಗಳಿದ್ದವು. ಎಲ್ಲವನ್ನೂ ದಿನಾಂಕದ ಪ್ರಕಾರ ನೆಲದ ಮೇಲೆ ಸಾಲಾಗಿ ಜೋಡಿಸಿ, ಪ್ರತಿಯೊಂದರ ಕಿಲೋಮೀಟರನ್ನು ಒಂದು ಹಾಳೆಗೆ ಇಳಿಸಿದೆ. ಹೀಗೆ ಮಾಡಿದಾಗ ಕಾರಿನ ಜೀವನ ಚರಿತ್ರೆ ಕಣ್ಣೆದುರು ಬರುತ್ತದೆ. ಪೆಟ್ರೋಲ್ ಕಾರಿಗೆ ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಸರ್ವಿಸ್ ಆಗಬೇಕು. ನನ್ನ ಸಾಲಿನಲ್ಲಿ ಒಂದೇ ಒಂದು ಕಂದಕ ಇತ್ತು, 2020ರ ಲಾಕ್‌ಡೌನ್ ವರ್ಷ. 1 ಲಕ್ಷ 9 ಸಾವಿರದಲ್ಲಿ ಕ್ಲಚ್ ಬದಲಾಗಿತ್ತು, ಅದಕ್ಕೂ ಬಿಲ್ಲಿತ್ತು.

ಮತ್ತು ಆ ಹಾಳೆಯಲ್ಲೇ ಬ್ರೋಕರ್ ಮಾತಿನ ಟೊಳ್ಳು ಕಾಣಿಸಿತು. 2021ರ ಆಗಸ್ಟ್‌ನಲ್ಲಿ 57,412, ಮರುವರ್ಷ 13 ಸಾವಿರ ಚಿಲ್ಲರೆ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಆದ ಪ್ರತಿ ಸರ್ವಿಸ್ಸೂ ಗಾಡಿ ನಂಬರಿನ ಮೇಲೆ ಅವರ ಕಂಪ್ಯೂಟರಿನಲ್ಲಿ ಇರುತ್ತದೆ. ಕೊಳ್ಳುವವರಿಗೆ ಅಲ್ಲೊಬ್ಬ ಪರಿಚಯದವನಿದ್ದರೆ ಸಾಕು, ಕಿಲೋಮೀಟರ್ ಹಿಂದಕ್ಕೆ ಹೋಗಿರುವುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಅದು ಬೇಡವೆಂದರೂ ಕಾರೇ ಹೇಳುತ್ತದೆ. ನನ್ನ ಕ್ಲಚ್ ಪೆಡಲಿನ ರಬ್ಬರಿನ ಗೆರೆಗಳು ಎಡ ಅಂಚಿನಲ್ಲಿ ಪೂರಾ ಸವೆದಿವೆ. ಸ್ಟೇರಿಂಗ್ ಮೇಲ್ಭಾಗ ಕನ್ನಡಿಯ ಹಾಗೆ ಮಿನುಗುತ್ತದೆ. ಡ್ರೈವರ್ ಸೀಟಿನ ಬಲ ಅಂಚು ಕುಸಿದಿದೆ. ಎಪ್ಪತ್ತು ಸಾವಿರದ ಕಾರಿನಲ್ಲಿ ಇವು ಮೂರೂ ಒಟ್ಟಿಗೆ ಇರುವುದಿಲ್ಲ.

ಬಿಲ್ಲುಗಳಿಗೆ ಎಷ್ಟು ಬೆಲೆ ಕಟ್ಟುವುದು? ಎರಡು ವರ್ಷದಲ್ಲಿ ನಲವತ್ತು ಸಾವಿರ ಸುರಿದಿದ್ದೇನೆ, ಅದನ್ನೂ ಕೂಡಿಸುತ್ತೇನೆ ಎಂದರೆ ಯಾರೂ ಕೊಡುವುದಿಲ್ಲ. ಎಣ್ಣೆ ಬದಲಿಸಿದ್ದು ಕಾರನ್ನು ಇದ್ದ ಬೆಲೆಯಲ್ಲಿ ನಿಲ್ಲಿಸುತ್ತದೆ, ಮೇಲಕ್ಕೇರಿಸುವುದಿಲ್ಲ. ಮುಂದೆ ಬರಬೇಕಿದ್ದ ಖರ್ಚು ಈಗಾಗಲೇ ಮುಗಿದಿದ್ದರೆ ಮಾತ್ರ ಅದಕ್ಕೊಂದು ಬೆಲೆ. ಕ್ಲಚ್ ಮತ್ತು ಪೂರ್ಣ ದಾಖಲೆ ಸೇರಿಸಿ ನಾನು ಹತ್ತು ಸಾವಿರ ಕೂಡಿಸಿದೆ. ಟೈರುಗಳಿಗೆ ಎಂಟು ಸಾವಿರ ಕಳೆದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕೆಯ ಗುರುತಿರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನ ಹಿಂದಿನ ಎರಡು ಟೈರುಗಳಲ್ಲಿ 2219 ಎಂದಿತ್ತು. 2019ರ ಇಪ್ಪತ್ತೆರಡನೇ ವಾರದವು. ಗೆರೆ ಇದ್ದರೂ ವಯಸ್ಸಾಗಿದೆ, ಕೊಂಡವರು ಬದಲಿಸಲೇಬೇಕು.

ಇನ್ನು ಅಪಘಾತ. ಇದನ್ನು ಬರೆಯುವಾಗ ಈಗಲೂ ಕೈ ಸ್ವಲ್ಪ ತಣ್ಣಗಾಗುತ್ತದೆ. 2022ರ ಡಿಸೆಂಬರ್, ಕಬ್ಬಿನ ಕಟಾವಿನ ಕಾಲ. ರೈತರ ಪ್ರತಿಭಟನೆಯ ಸುದ್ದಿ ಕಳಿಸಿ ರಾತ್ರಿ ಹತ್ತೂವರೆಗೆ ಊರಿಗೆ ಬರುತ್ತಿದ್ದೆ. ಹಿಂದೆ ಲೈಟಿಲ್ಲದ, ರಿಫ್ಲೆಕ್ಟರೂ ಇಲ್ಲದ ಕಬ್ಬಿನ ಟ್ರೇಲರ್ ಕಾಣಿಸಿದ್ದು ಬಹಳ ಹತ್ತಿರ ಬಂದ ಮೇಲೆ. ಬ್ರೇಕ್ ಹಿಡಿದು ಎಡಕ್ಕೆಳೆದೆ, ಬಲ ಮುಂಭಾಗ ಬಡಿಯಿತು. ನನಗೇನೂ ಆಗಲಿಲ್ಲ. ಬಂಪರ್, ಬಾನೆಟ್, ಬಲ ಹೆಡ್‌ಲೈಟ್, ಬಲ ಫೆಂಡರ್, ರೇಡಿಯೇಟರ್, ಅದನ್ನು ಹಿಡಿದಿರುವ ಮೇಲಿನ ಪಟ್ಟಿ ಬದಲಾದವು. ಬಿಲ್ಲು 68 ಸಾವಿರ ಆಗಿತ್ತು, ಹೆಚ್ಚಿನಂಶ ವಿಮೆ ಕೊಟ್ಟಿತು.

ಅಪಘಾತವನ್ನು ಮುಚ್ಚಿಡಬಹುದೇ? ಬಹುತೇಕರು ಬಣ್ಣ ಚೆನ್ನಾಗಿದ್ದರೆ ಸಾಕು ಅಂದುಕೊಳ್ಳುತ್ತಾರೆ. ಆದರೆ ಅದು ಮೊದಲು ಹೊರಬೀಳುವುದು ಒಂದು ಕಾಗದದಿಂದ. ವಿಮೆ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಂಬ ಸಾಲು ಇದೆ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಶೇಕಡಾ 20, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಒಮ್ಮೆ ಕ್ಲೇಮ್ ಮಾಡಿದರೆ ಮುಂದಿನ ನವೀಕರಣದಲ್ಲಿ ಸೊನ್ನೆ. ನನ್ನ 2025ರ ಏಪ್ರಿಲ್ ಪಾಲಿಸಿಯಲ್ಲಿ 25 ಎಂದಿದೆ. ಅಂದರೆ ಹಿಂದಿನ ಎರಡು ವರ್ಷ ಕ್ಲೇಮ್ ಇಲ್ಲ, ಅದರ ಹಿಂದಿನ ವರ್ಷ ಏನೋ ಆಗಿದೆ. ಆರು ವರ್ಷದಿಂದ ಕಾರಿಟ್ಟುಕೊಂಡವನ ಬೋನಸ್ 50 ಇರಬೇಕಿತ್ತಲ್ಲ ಎಂದು ತಿಳಿದವರು ಕೇಳಿಯೇ ಕೇಳುತ್ತಾರೆ. ಇದಕ್ಕೂ ಮಿತಿ ಇದೆ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೂ ಬೋನಸ್ ಹೋಗುತ್ತದೆ. ಬೋನಸ್ ಮಾಲೀಕನಿಗೆ ಸೇರಿದ್ದು, ಕಾರಿಗಲ್ಲ, ಹಾಗಾಗಿ ಹೊಸದಾಗಿ ಕೊಂಡವರದ್ದೂ ಕಡಿಮೆ ಇರಬಹುದು. ಕೈಯಿಂದ ದುಡ್ಡು ಕೊಟ್ಟು ರಿಪೇರಿ ಮಾಡಿಸಿದ್ದು ಇದರಲ್ಲಿ ಕಾಣುವುದೇ ಇಲ್ಲ. ಆದರೂ ಪ್ರಶ್ನೆ ಕೇಳಲು ಈ ಸಾಲು ಸಾಕು.

ಅಪಘಾತಕ್ಕೆ ಎಷ್ಟು ಕಳೆಯುವುದು ಎಂಬುದು ಇಡೀ ಲೆಕ್ಕದಲ್ಲಿ ಬಲು ಮೆತ್ತನೆಯ ಜಾಗ. ನನ್ನ ನಾಲ್ಕು ಹೋಲಿಕೆಯ ಕಾರುಗಳಲ್ಲಿ ಯಾವುದಕ್ಕೂ ಏಟು ಬಿದ್ದಿರಲಿಲ್ಲ. ಬಿಲ್ 68 ಸಾವಿರ ಆಯಿತೆಂದು ಅಷ್ಟನ್ನೇ ಕಳೆಯುವುದು ದಡ್ಡತನ, ಹಾಳಾದದ್ದು ಹೊಸದಾಗಿ ಬಂದಿದೆಯಲ್ಲ. ಗಾಡಿ ಕೊಂಡು ಮಾರುವ ಮೂವರನ್ನು ಕೇಳಿದೆ. ಒಬ್ಬರು ಹತ್ತು ಸಾವಿರ ಎಂದರು, ಒಬ್ಬರು ಇಪ್ಪತ್ತು, ಮತ್ತೊಬ್ಬರು ನಲವತ್ತು. ನಲವತ್ತು ಎಂದವರು ಗ್ಯಾರೇಜಿನ ಹಿರಿಯ ಮೇಸ್ತ್ರಿ. ಅವರಿಗೆ ಬಿಲ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ಆಮೇಲೆ ಬಾನೆಟ್ ಎತ್ತಿ, ಎರಡೂ ಬದಿಯ ಚಾಸಿ ಉದ್ದಕ್ಕೂ ಟಾರ್ಚ್ ಬಿಟ್ಟು ನೋಡಿದರು.

“ಬೋಲ್ಟ್ ಬಿಚ್ಚಿ ಹಾಕೋ ಸಾಮಾನೆಲ್ಲ ಬದಲಾಗಿದೆ, ಅದು ಬಿಡಿ, ಬಟ್ಟೆ ಬದಲಾಯಿಸಿದ ಹಂಗೆ” ಎಂದರು. “ಮೂಳೆ ಮುರಿದಿದ್ಯಾ ಅಂತ ನೋಡ್ಬೇಕು. ಇಲ್ಲಿ ಕಂಪನಿ ವೆಲ್ಡಿಂಗ್ ಚುಕ್ಕೆ ಹಂಗೇ ಅವೆ ನೋಡಿ. ಗ್ಯಾಸಲ್ಲಿ ಸುಟ್ಟು ಎಳೆದಿದ್ರೆ ಈ ಚುಕ್ಕೆ ಇರ್ತಿರ್ಲಿಲ್ಲ. ಇಪ್ಪತ್ತರೊಳಗೆ ಬಿಡಿ ಸಾಕು.”

ಬಿಲ್ಲು ಇದ್ದುದರಿಂದ ಒಂದೇ ಬಾಯಲ್ಲಿ ನಲವತ್ತು ಇಪ್ಪತ್ತಾಯಿತು. ಅಪಘಾತದ ಬಿಲ್ಲನ್ನು ಹರಿದು ಬಿಸಾಡುವವರು ಇದನ್ನು ತಿಳಿಯಬೇಕು. ದಾಖಲೆ ಇಲ್ಲದ ಏಟನ್ನು ಕೊಳ್ಳುವವನು ಯಾವಾಗಲೂ ದೊಡ್ಡದಾಗಿಯೇ ಊಹಿಸುತ್ತಾನೆ. ನಾನು 18 ಸಾವಿರ ಕಳೆದೆ.

ಹಾಗಾಗಿ ಲೆಕ್ಕ: 2,87,000ಕ್ಕೆ 10,000 ಕೂಡಿ, 18,000 ಮತ್ತು 8,000 ಕಳೆದರೆ 2,71,000. ಇದು ನನ್ನ ಕಾರಿನ ನಿಜವಾದ ಬೆಲೆ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದೆ. ಚೌಕಾಸಿಗೆ 20 ಸಾವಿರ ಬಿಟ್ಟು 2.90 ಎಂದು ಜಾಹೀರಾತು, 2.60ಕ್ಕಿಂತ ಕೆಳಗೆ ಇಲ್ಲ. ಹೋಲಿಸಿ ನೋಡಲು ಹಳೆ ಕಾರಿನ ಶೋರೂಮ್ ಒಂದಕ್ಕೂ ಹೋಗಿದ್ದೆ. 2.25 ಎಂದರು. ಅವರನ್ನು ಬೈಯುವಂತಿಲ್ಲ. ಅವರು ಟೈರು ಹಾಕಿಸಬೇಕು, ತೊಳೆದು ಹೊಳಪು ಕೊಡಿಸಬೇಕು, ತಿಂಗಳುಗಟ್ಟಲೆ ನಿಲ್ಲಿಸಿಕೊಳ್ಳಬೇಕು, ತಮ್ಮ ಲಾಭದ ಮೇಲೆ ಜಿಎಸ್‌ಟಿ ಕಟ್ಟಬೇಕು. ನಾವು ನೇರವಾಗಿ ಮಾರಿದರೆ ಆ ಅಂತರ ನಮ್ಮ ಶ್ರಮಕ್ಕೆ ಸಿಗುತ್ತದೆ.

2.71 ಎಂದರೆ ನನಗೆ ಬೇಕಿದ್ದ ಹಣಕ್ಕೆ ನಾಲ್ಕು ಸಾವಿರ ಕಡಿಮೆ. ಬ್ರೋಕರ್ ಹೇಳಿದ್ದಕ್ಕೆ ಸುಮಾರು ಅರವತ್ತು ಸಾವಿರ ಕಡಿಮೆ. ಅವ್ವನಿಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತದೆ, “ಯಾರ್ ತಗೊತಾರೋ ಅವ್ರೂ ಒಡವೆ ಇಟ್ಟೇ ತಗೊಳದು ಕಣಪ್ಪ” ಎಂದಳು. ಅಷ್ಟೇ. ನನ್ನ ಕಾರಿಗೂ ಆವತ್ತು ಅವಳ ಸರವೇ ಹೋಗಿತ್ತು.

ಜಾಹೀರಾತನ್ನು ಹೀಗೆ ಬರೆದೆ: “ವ್ಯಾಗನ್ ಆರ್ ವಿಎಕ್ಸ್‌ಐ, 2016, ಪೆಟ್ರೋಲ್, ಮಂಡ್ಯ ನೋಂದಣಿ, ಎರಡನೇ ಮಾಲೀಕ. ಒಟ್ಟು ಓಡಿರುವುದು 1.28 ಲಕ್ಷ ಕಿಮೀ. ಮೀಟರಿನಲ್ಲಿ 71 ಸಾವಿರ ಕಾಣುತ್ತದೆ, 2021ರಲ್ಲಿ 57,412 ಆಗಿದ್ದಾಗ ಮೀಟರ್ ಬದಲಾಗಿದೆ, ಬಿಲ್ ಇದೆ. 2022ರಲ್ಲಿ ಮುಂಭಾಗಕ್ಕೆ ಏಟು ಬಿದ್ದು ಕ್ಲೇಮ್ ಆಗಿದೆ, ಚಾಸಿಗೆ ಏಟಿಲ್ಲ, ಬಿಲ್ ಇದೆ. ಕ್ಲಚ್ ಹೊಸದು. ಹಿಂದಿನ ಎರಡು ಟೈರ್ ಬದಲಿಸಬೇಕು. ಸಾಲ ಇಲ್ಲ. 2.90 ಲಕ್ಷ.” ಬಿಲ್ಲುಗಳ ಫೋಟೊಗಳನ್ನೂ ಹಾಕಿದೆ, ವಿಳಾಸ ಮತ್ತು ಫೋನ್ ನಂಬರ್ ಮುಚ್ಚಿ.

ಮೊದಲ ವಾರ ಹನ್ನೊಂದು ಕರೆ ಬಂದವು. ಏಳು ಮಂದಿ 1.28 ಲಕ್ಷ ಕೇಳಿ “ಆಯ್ತು ಸಾರ್, ಹೇಳ್ತೀವಿ” ಎಂದು ಇಟ್ಟರು. ಒಬ್ಬರಂತೂ “ಇಷ್ಟೆಲ್ಲ ಯಾಕ್ ಬರೆದಿದ್ದೀರಿ, ಮಾರೋ ಮನಸ್ಸಿಲ್ವಾ?” ಎಂದು ಕೇಳಿದರು. ಎರಡನೇ ವಾರ ಫೋನ್ ಸದ್ದು ನಿಂತಿತು. ಫೀಸಿನ ಕೊನೆಯ ದಿನ ಹತ್ತಿರ ಬರುತ್ತಿತ್ತು. ಬ್ರೋಕರ್ ಟೀ ಅಂಗಡಿಯಲ್ಲಿ ಸಿಕ್ಕಿ, “ಬೋರ್ಡ್ ತೆಗೀರಿ ಸಾ, ನಾನು ಮಾರ್ಕೊಡ್ತೀನಿ” ಎಂದರು. ಆ ದಿನ ಒಪ್ಪಿಕೊಳ್ಳುವುದಕ್ಕೆ ಒಂದು ಗುಕ್ಕು ಟೀ ಅಷ್ಟೇ ದೂರವಿದ್ದೆ.

ಹದಿನೇಳನೇ ದಿನ ಪಾಂಡವಪುರದ ಕಡೆಯಿಂದ ಒಬ್ಬ ಹುಡುಗ ಬಂದ. ಹಾಲಿನ ಡೈರಿಯಲ್ಲಿ ಕೆಲಸ, ಅಪ್ಪನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಮೈಸೂರಿಗೆ ಕರೆದೊಯ್ಯಬೇಕಿತ್ತು. ಜೊತೆಗೆ ಮೆಕ್ಯಾನಿಕ್ ಆದ ಸೋದರಮಾವ. ಮಾವ ನನ್ನ ಜೊತೆ ಮಾತೇ ಆಡಲಿಲ್ಲ. ನೇರ ಬಾನೆಟ್ ಎತ್ತಿ ಹಿಂಜ್ ಬೋಲ್ಟಿನ ತಲೆಯ ಮೇಲಿನ ಬಣ್ಣ ಕಿತ್ತಿರುವುದನ್ನು ಉಗುರಿನಿಂದ ಮುಟ್ಟಿದರು. ಎಡ ಫೆಂಡರಿನ ಬೋಲ್ಟ್ ನೋಡಿದರು, ಅದರ ಬಣ್ಣ ಹಾಗೇ ಇತ್ತು. ಎರಡು ಹೆಡ್‌ಲೈಟುಗಳನ್ನೂ ಹೋಲಿಸಿದರು, ಎಡದ್ದು ಹಳದಿಗಟ್ಟಿದೆ, ಬಲದ್ದು ತಿಳಿಯಾಗಿದೆ. ಬಾಗಿಲ ರಬ್ಬರ್ ಎಳೆದು ವೆಲ್ಡಿಂಗ್ ಚುಕ್ಕೆ ನೋಡಿದರು. ಆಮೇಲೆ ಕೈ ಒರೆಸಿಕೊಂಡು ಹುಡುಗನ ಕಡೆ ತಿರುಗಿ, “ಬರೆದಿದ್ದಾರಲ್ಲ, ಅಷ್ಟೇ ಐತೆ ಕಣ್ಲಾ. ಜಾಸ್ತಿ ಏನಿಲ್ಲ” ಎಂದರು.

ಚೌಕಾಸಿ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಅವರು 2.55 ಎಂದರು, ನಾನು ನೋಟ್‌ಬುಕ್ ತೆಗೆದು ಲೆಕ್ಕ ತೋರಿಸಿದೆ. ಅಪಘಾತಕ್ಕೆ ಕಳೆದಿದ್ದೇನೆ, ಟೈರಿಗೂ ಕಳೆದಿದ್ದೇನೆ, ಅದಕ್ಕೇ ಮತ್ತೊಮ್ಮೆ ಕಳೆಯಬೇಡಿ ಎಂದೆ. ಮಾವ ಅದನ್ನು ಎರಡು ಸಲ ಓದಿ ಮೊದಲ ಬಾರಿ ನಕ್ಕರು. 2 ಲಕ್ಷ 73 ಸಾವಿರಕ್ಕೆ ನಿಂತಿತು.

ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ, ಅವರ ಜೊತೆಗೇ ಆರ್‌ಟಿಒ ಕಚೇರಿಗೆ ಹೋಗಿ ಕೊಟ್ಟು ಬಂದೆ. ಮಾರಿದವನು 14 ದಿನದೊಳಗೆ ತಿಳಿಸಬೇಕೆಂದು ಕಾನೂನಿದೆ. ಹೆಸರು ಬದಲಾಗುವವರೆಗೆ ಆ ಕಾರಿನಿಂದ ಯಾರಿಗಾದರೂ ಏನಾದರೂ ಆದರೆ ದಾಖಲೆಯಲ್ಲಿ ಮಾಲೀಕ ನಾನೇ. ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಇದನ್ನು ಖಚಿತವಾಗಿ ಹೇಳಿದೆ. ಬ್ರೋಕರ್‌ಗಳ ಕೈಗೆ ತುಂಬದ ಫಾರ್ಮಿಗೆ ಸಹಿ ಹಾಕಿ ಕೊಡುವವರು ಈ ಒಂದು ವಾಕ್ಯವನ್ನಾದರೂ ನೆನಪಿಡಬೇಕು.

ಕಡಿಮೆ ಬಿದ್ದ ಎರಡು ಸಾವಿರಕ್ಕೆ ಸೊಸೈಟಿ ಕಾರ್ಯದರ್ಶಿ ಒಂದು ತಿಂಗಳು ಗಡುವು ಕೊಟ್ಟರು. ತಂಗಿಯ ಫೀಸು ಕಟ್ಟಿದ್ದಾಯಿತು. ಈಗ ಸುದ್ದಿಗೆ ಬಸ್ಸಿನಲ್ಲಿ, ಕೆಲವೊಮ್ಮೆ ಗೆಳೆಯರ ಬೈಕಿನ ಹಿಂದೆ ಓಡಾಡುತ್ತಿದ್ದೇನೆ. ಹೋದ ವಾರ ಮೈಸೂರು ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಕಾರೇ ಎದುರು ಬಂತು. ಹುಡುಗ ನಿಲ್ಲಿಸಿ ಗಾಜಿಳಿಸಿದ. ಹಿಂದಿನ ಸೀಟಿನಲ್ಲಿ ಅವನಪ್ಪ ಶಾಲು ಹೊದ್ದು ಕೂತಿದ್ದರು.

“ಬನ್ನಿ ಅಣ್ಣ, ಮೈಸೂರಿಗಾ? ಟೈರ್ ಹಾಕಿಸ್ದೆ ನೋಡಿ” ಎಂದ.

ಮುಂದೆ ಹತ್ತಿ ಕೂತೆ. ಮೀಟರಿನಲ್ಲಿ 72,900 ಚಿಲ್ಲರೆ ಇತ್ತು. ಅದರ ಪಕ್ಕದಲ್ಲಿ ಬಿಳಿ ಟೇಪ್ ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ಅವನು ಬರೆದಿದ್ದ: + 57,412.